ಗೆಣ್ಣು ತಾಗದಷ್ಟು ಅಗಲ

ಕನ್ನಡಕದಂಗಡಿಯ ಯಜಮಾನರು ಮೆಟ್ಟಿಲು ಹತ್ತಿ ಬಂದಾಗ ನಕ್ಷೆಯಮ್ಮ ಊಟದ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಮನೆ ಕಟ್ಟುವ, ಹಳೆಯ ಮನೆಗಳನ್ನು ತಿದ್ದಿಕೊಡುವ ಆ ಪುಟ್ಟ ಕಚೇರಿಯನ್ನು ಅವಳೂ ಅವಳ ಮೈದುನನೂ ಸೇರಿ ನಡೆಸುತ್ತಿದ್ದರು. ನಕ್ಷೆ ಬರೆಯುವುದು ಅವಳ ಪಾಲು, ಕಟ್ಟಿಸುವುದು ಅವನ ಪಾಲು. ಕಂಕುಳಲ್ಲಿ ಸುರುಳಿ ಸುತ್ತಿದ ಕಾಗದವಿಲ್ಲದೆ ಹೊರಗೆ ಕಾಲಿಡುವವಳಲ್ಲ ಎಂದು ಮೇಸ್ತ್ರಿ ಇಟ್ಟ ಹೆಸರು ನಕ್ಷೆಯಮ್ಮ. ಈಗ ಮೈದುನನ ಮಕ್ಕಳೂ ಹಾಗೆಯೇ ಕರೆಯುತ್ತಿದ್ದರು.

"ನಿಮ್ಮ ಊಟಕ್ಕೇನೂ ತೊಂದರೆ ಇಲ್ಲ ಬಿಡಿ," ಎಂದರು ಯಜಮಾನರು. ಬಾಗಿಲಲ್ಲೇ ನಿಂತಿದ್ದರು. "ನನ್ನ ಹೆಂಡ್ತಿ ನರ್ಸಿಂಗ್ ಹೋಮಿನ ತಟ್ಟೆ ಮುಂದೆ ಕೂತು ದಿನಾ ಕೇಳ್ತಾಳೆ, ಮನೆ ಆಯ್ತಾ, ಮನೆ ಆಯ್ತಾ ಅಂತ. ಏನು ಹೇಳ್ಲಿ? ಒಂದು ಬಚ್ಚಲುಮನೆ ತಿದ್ದೋದಕ್ಕೆ ಇಷ್ಟು ಕಾಲ ಬೇಕೇನ್ರೀ?"

"ಕೂತ್ಕೊಳ್ಳಿ ಸಾರ್," ಎಂದಳು ನಕ್ಷೆಯಮ್ಮ.

"ಕೂತ್ಕೊಳ್ಳೋಕೆ ಬಂದಿಲ್ಲ. ಹಾಳಾದ ಗೋಡೆ ಹಾಗೇ ನಿಂತಿದೆ. ನಿಮ್ಮ ಮೇಸ್ತ್ರಿ ಸುಳಿವಿಲ್ಲ. ನಾನವಳಿಗೆ ಹೇಳಿಬಿಟ್ಟಿದೀನಿ, ಸೋಮಾರಿಗಳ ಕೈಗೆ ಕೊಟ್ಟುಬಿಟ್ಟೆ ಅಂತ."

ಒಳಕೋಣೆಯಿಂದ ಮೈದುನ ಎದ್ದು ಬರುವುದು ಅವಳಿಗೆ ಕುರ್ಚಿಯ ಸದ್ದಿನಿಂದಲೇ ಗೊತ್ತಾಯಿತು. ಅವನು ಬಾಯಿ ತೆರೆಯುವ ಮುಂಚೆ ಅವಳೇ, "ನಾಳೆ ನಾನೇ ಬಂದು ಮಾತಾಡ್ತೀನಿ ಸಾರ್," ಎಂದುಬಿಟ್ಟಳು. ಯಜಮಾನರು ಇಳಿದು ಹೋದರು. ಇಳಿಯುವಾಗ, ಮೆಟ್ಟಿಲ ಮೇಲೆ ಮಗುಚಿ ಬಿದ್ದಿದ್ದ ಕಾಲೊರಸನ್ನು ಬಗ್ಗಿ ಸರಿ ಮಾಡಿ ಹೋದರು. ಅಷ್ಟು ಸಿಟ್ಟಿನಲ್ಲೂ, ಹಿಂದೆ ಬರುವವರು ಎಡವದಿರಲಿ ಎಂದು. ನಕ್ಷೆಯಮ್ಮ ಅದನ್ನು ನೋಡಿದಳು.

"ಅತ್ತಿಗೆ, ಇದು ಅನ್ಯಾಯ," ಎಂದ ಮೈದುನ. "ಬಾಗಿಲು ಎಷ್ಟು ಅಗಲ ಬೇಕು ಅಂತ ನಾವು ಕೇಳಿ ಎಷ್ಟು ಕಾಲ ಆಯ್ತು? ಗಾಲಿಕುರ್ಚಿಯೋ ಊರುಗೋಲೋ, ಎರಡರಲ್ಲಿ ಒಂದು ಹೇಳಿ ಸಾಕು ಅಂದ್ವಿ. ಫಿಸಿಯೋ ಡಾಕ್ಟರ ಹತ್ರ ಅಳತೆ ತರ್ತೀನಿ ಅಂದ್ರು, ತಂದ್ರಾ? ಆಮೇಲೆ ಕೋಲೇ ಸಾಕು ಅಂದ್ರು. ಮಾರನೇ ದಿನ, ಬೇಡ ನೋಡೋಣ ಅಂದ್ರು. ಮೇಸ್ತ್ರಿ ಗೋಡೆ ಮುಂದೆ ಸುತ್ತಿಗೆ ಹಿಡ್ಕೊಂಡು ಕೂತು ಕೂತು ಬೇರೆ ಕೆಲಸಕ್ಕೆ ಹೋದ. ಈಗ ನಾವು ಸೋಮಾರಿಗಳು!"

"ಗೊತ್ತು."

"ಗೊತ್ತಿದ್ರೆ ಬರೀರಿ. ನೀವು ಬರೆಯಲ್ಲ, ನಾನೇ ಬರೀತೀನಿ."

ಬರೆದೂಬಿಟ್ಟ. ತಮ್ಮ ಕಡೆಯಿಂದ ಬರಬೇಕಾದ ಅಳತೆ ಮತ್ತು ಒಪ್ಪಿಗೆ ಸಕಾಲಕ್ಕೆ ಬಾರದ ಕಾರಣ ಕೆಲಸ ನಿಂತಿದೆ, ಈ ವಿಳಂಬಕ್ಕೆ ನಾವು ಹೊಣೆಗಾರರಲ್ಲ, ಎಂದು. ಪರದೆಯ ಮೇಲೆ ಅದನ್ನು ಅವಳಿಗೆ ತೋರಿಸಿದ. ಒಂದಕ್ಷರ ಸುಳ್ಳಿರಲಿಲ್ಲ. ಆದರೂ ಅದನ್ನು ಓದಿದಾಗ ನಕ್ಷೆಯಮ್ಮನಿಗೆ, ಬಿದ್ದವರನ್ನು ಎಬ್ಬಿಸುವ ಬದಲು ಎಲ್ಲಿ ಎಡವಿದಿರಿ ಎಂದು ಕೇಳಿದಂತೆ ಅನಿಸಿತು.

"ಕಳಿಸಬೇಡಪ್ಪ. ಇದನ್ನ ಕಾಗದದಲ್ಲಿ ಹೇಳೋದಲ್ಲ."

"ನೀವು ಬೆಣ್ಣೆ ಸವರಿ ಸವರಿನೇ ಇಲ್ಲಿಗೆ ಬಂದಿರೋದು."

ಆ ಮಾತು ನಾಟಿತು, ಏಕೆಂದರೆ ಅದೂ ನಿಜವೇ. ಯಜಮಾನರಿಗೆ ಅವಳು ಕಳಿಸಿದ ಒಂದೊಂದು ಸಂದೇಶವೂ ಒಂದೇ ಥರ ಮುಗಿಯುತ್ತಿತ್ತು: 'ನಿಮಗೆ ಬಿಡುವಾದಾಗ ತಿಳಿಸಿದರೆ ಸಾಕು', 'ಅವಸರವೇನಿಲ್ಲ ಸಾರ್'. ಅವಸರ ಇತ್ತು. ಬಾಗಿಲಿನ ಅಗಲ ಗೊತ್ತಾಗದೆ ಗೋಡೆ ಒಡೆಯುವಂತಿಲ್ಲ. ಒಡೆದ ಮೇಲೆ ಮೇಲಿನ ಭಾರ ಹೊರಲು ಹೊಸ ಕಾಂಕ್ರೀಟ್ ತೊಲೆ ಕೂರಬೇಕು, ಅದು ಗಟ್ಟಿಯಾಗಬೇಕು. ಕಮೋಡ್ ಯಾವ ಗೋಡೆಗೆಂದು ತಿಳಿಯದೆ ಪೈಪು ಹಾಕುವಂತಿಲ್ಲ. ಪೈಪು ಹಾಕದೆ ನೆಲ ಇಲ್ಲ, ನೆಲವಿಲ್ಲದೆ ಟೈಲ್ಸ್ ಇಲ್ಲ. ಎಲ್ಲವೂ ಒಂದರ ಬಾಲ ಇನ್ನೊಂದು ಹಿಡಿದು ನಿಂತಿದ್ದವು, ಮುಂದೆ ನಿಂತದ್ದು ಮಾತ್ರ ಯಜಮಾನರ ಒಂದು ಮಾತು. ಇದನ್ನು ಅವಳು ಹೇಳಿರಲಿಲ್ಲವೆಂದಲ್ಲ. ಹೇಳಿದ್ದಳು, ಎಷ್ಟು ಮೆತ್ತಗೆ ಎಂದರೆ ಕೇಳಿಸಿಕೊಳ್ಳದಿರುವುದಕ್ಕೂ ಅವಕಾಶವಿರುವಷ್ಟು ಮೆತ್ತಗೆ.

ಮರುದಿನ ಅವಳು ಅಂಗಡಿಗೆ ಹೋದಳು.

ಅಂಗಡಿ ಉದ್ದಕ್ಕಿತ್ತು, ಅಗಲವಿಲ್ಲ. ಎರಡು ಗೋಡೆಗಳಲ್ಲೂ ಕನ್ನಡಕಗಳು, ಯಾರೂ ಇಲ್ಲದ ಮುಖಗಳಂತೆ ಸಾಲಾಗಿ ನೋಡುತ್ತಿದ್ದವು. ಗಲ್ಲಾದ ಹಿಂದೆ ಒಂದು ಹಳೆಯ ಫೋಟೋ: ಮೈದಾನದಲ್ಲಿ ಹುಡುಗಿಯರ ಸಾಲು, ಮುಂದೆ ಸೀರೆಯ ಸೆರಗು ಸಿಕ್ಕಿಸಿ ಬಾಯಲ್ಲಿ ಸೀಟಿ ಹಿಡಿದು ನಿಂತ ಹೆಂಗಸು. ಯಜಮಾನರ ಹೆಂಡತಿ ಡ್ರಿಲ್ ಟೀಚರಾಗಿದ್ದವರು. ಆ ಬೀದಿಯ ಅರ್ಧ ಹೆಂಗಸರು ಅವರ ಸೀಟಿಗೆ ಓಡಿದವರೇ. ಲಕ್ವ ಹೊಡೆದ ಮೇಲೆ ಎಡಗೈ, ಎಡಗಾಲು ಎರಡೂ ಅವರ ಮಾತು ಕೇಳುತ್ತಿರಲಿಲ್ಲ.

ಯಜಮಾನರು ಒಳಗೆ ಒಬ್ಬ ಮುದುಕಿಯ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಬನ್ನಿ ಅನ್ನಲಿಲ್ಲ, ಹೋಗಿ ಅನ್ನಲೂ ಇಲ್ಲ. ಬೆರಳಲ್ಲಿ ಸ್ಟೂಲು ತೋರಿಸಿದರು. ಮುದುಕಿಯ ಮೂಗಿನ ಮೇಲೆ ಭಾರದ ಕಬ್ಬಿಣದ ಚೌಕಟ್ಟು, ಅದರೊಳಗೆ ಒಂದೊಂದೇ ಗಾಜು.

"ಇದು ಸ್ಪಷ್ಟವೋ," ಗಾಜು ಬದಲಿಸಿ, "ಇದು ಸ್ಪಷ್ಟವೋ?"

"ಎರಡೂ ಒಂದೇ ಅಪ್ಪ."

"ಒಂದೇ ಇರಲ್ಲ ತಾಯಿ. ಹೆದರ್ಕೋಬೇಡಿ, ಇಲ್ಲಿ ಯಾರನ್ನೂ ಫೇಲ್ ಮಾಡಲ್ಲ. ಮೊದಲನೇದೋ, ಎರಡನೇದೋ?"

"ನೀನೇ ಹೇಳಪ್ಪ. ನಿನಗೆ ಗೊತ್ತಲ್ಲ."

ಯಜಮಾನರು ನಕ್ಕರು. ಅವರು ನಗುವುದನ್ನು ನಕ್ಷೆಯಮ್ಮ ಮೊದಲ ಸಲ ನೋಡಿದ್ದು. "ಕಣ್ಣು ನಿಮ್ಮದು, ನಾನು ಹೇಗೆ ಹೇಳ್ಲಿ? ನೀವು ಒಂದು ಮಾತು ಹೇಳಿದ್ರೇನೇ ನಾನು ಮುಂದಿನ ಗಾಜು ಹಾಕೋಕೆ ಆಗೋದು."

ಮುದುಕಿ ಬಹಳ ಹೊತ್ತು ಯೋಚಿಸಿ, ತಪ್ಪೊಪ್ಪಿಕೊಳ್ಳುವ ದನಿಯಲ್ಲಿ, "ಎರಡನೇದು," ಎಂದಳು. "ಆದ್ರೆ ಅದು ದಪ್ಪ ಗಾಜಲ್ವಾ? ಅಷ್ಟೊಂದು ಹಾಳಾಗಿದ್ಯಾ ನನ್ನ ಕಣ್ಣು?"

"ಗಾಜು ದಪ್ಪ ಆದ್ರೆ ಕಣ್ಣು ಹಾಳಾಗಲ್ಲ ತಾಯಿ. ಕಾಣಿಸುತ್ತೆ, ಅಷ್ಟೇ."

ಮುದುಕಿಯನ್ನು ಕೈಹಿಡಿದು ಬಾಗಿಲ ತನಕ ಬಿಟ್ಟು, ರಸ್ತೆ ಖಾಲಿಯಾಗುವವರೆಗೆ ಅವಳ ಪಕ್ಕ ನಿಂತು, ಯಜಮಾನರು ಒಳಗೆ ಬಂದರು. ಮುಖ ಮತ್ತೆ ಬಿಗಿದುಕೊಂಡಿತು.

"ಹೇಳಿ. ಯಾವಾಗ ಮುಗಿಸ್ತೀರಿ?"

ನಕ್ಷೆಯಮ್ಮ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. ಈಗ ಕೇಳಿದ್ದೇ ಅವಳ ನೆನಪಿನಲ್ಲಿತ್ತು.

"ಸಾರ್, ನಾನೂ ನಿಮಗೆ ಇದನ್ನೇ ಕೇಳ್ತಾ ಬಂದೆ. ಮೊದಲನೇದೋ, ಎರಡನೇದೋ ಅಂತ. ನೀವು ಎರಡೂ ಒಂದೇ ಅಂತಿದ್ರಿ. ನೀವು ಒಂದು ಮಾತು ಹೇಳದೆ ನನಗೆ ಮುಂದಿನ ಗಾಜು ಹಾಕೋಕೆ ಆಗ್ಲಿಲ್ಲ."

ಯಜಮಾನರು ಮುದುಕಿಯ ಚೌಕಟ್ಟನ್ನು ಕೈಗೆತ್ತಿಕೊಂಡರು.

"ನಾನು ಅವಸರ ಇಲ್ಲ ಅಂತ ಬರೆದದ್ದು ತಪ್ಪು. ಅವಸರ ಇದೆ, ಈ ಒಂದು ಮಾತಿಗಾಗಿ ಕೆಲಸ ಪೂರ್ತಿ ನಿಂತಿದೆ ಅಂತ ನೇರವಾಗಿ ಹೇಳಬೇಕಿತ್ತು. ಆದರೆ ಮೇಸ್ತ್ರಿ ಸೋಮಾರಿ ಅಲ್ಲ ಸಾರ್. ಅವನು ನಿಂತದ್ದು ನಮಗೆ ಅಳತೆ ಸಿಗದೆ. ಇವತ್ತು ನೀವು ಹೇಳಿದ್ರೆ ನಾಳೆ ಬೆಳಿಗ್ಗೆ ಗೋಡೆಗೆ ಸುತ್ತಿಗೆ ಬೀಳುತ್ತೆ. ಅದಕ್ಕೆ ನಾನು ಜವಾಬ್ದಾರಿ."

ಅವರು ಚೌಕಟ್ಟಿನಿಂದ ಮುದುಕಿಯ ಗಾಜುಗಳನ್ನು ತೆಗೆದು ಪೆಟ್ಟಿಗೆಯ ಸಂದುಗಳಲ್ಲಿ ಇಡತೊಡಗಿದರು. ಒಂದು ಗಾಜು ತಪ್ಪು ಸಂದಿಗೆ ಹೋಯಿತು. ತೆಗೆದರು. ಮತ್ತೆ ತಪ್ಪಿತು.

"ಫಿಸಿಯೋ ಡಾಕ್ಟರು ಅವತ್ತೇ ಹೇಳಿದ್ರು," ಎಂದರು ಕೊನೆಗೆ. "ಗಾಲಿಕುರ್ಚಿಗೇ ಮಾಡಿಸಿ ಅಂತ. ನಾನೇ ನಿಮಗೆ ಹೇಳ್ಲಿಲ್ಲ. ಬಾಗಿಲು ಅಗಲ ಮಾಡಿ ಅಂದ್ರೆ, ಅವಳು ಇನ್ನು ನಡೆಯಲ್ಲ ಅಂತ ನಾನೇ ಒಪ್ಪಿಕೊಂಡ ಹಾಗಲ್ವಾ? ಗೋಡೆ ಒಡೆದ ಮೇಲೆ ಅದು ಮುಚ್ಚಿಕೊಳ್ಳಲ್ಲ. ನಿಮಗೆ ಗೊತ್ತಿಲ್ಲ, ಅವಳ ಜೊತೆ ನಡೆದು ನಾನು ಯಾವತ್ತೂ ಗೆದ್ದವನಲ್ಲ. ಮದುವೆಯಾದ ಹೊಸದರಲ್ಲಿ ಪ್ರತಿ ತಿರುವಿನಲ್ಲೂ ನಿಂತು ಕಾಯೋಳು. ಬಂದ್ರಾ, ಸದ್ಯ, ಅನ್ನೋಳು. ಅಂಥವಳನ್ನ ಕುರ್ಚೀಲಿ ಕೂರಿಸಿ ಹಿಂದಿನಿಂದ ನಾನು ತಳ್ಳೋದಾ?"

ನಕ್ಷೆಯಮ್ಮ ತಪ್ಪು ಸಂದಿಗೆ ಹೋಗಿದ್ದ ಗಾಜನ್ನು ತೆಗೆದು, ಅದರ ಅಂಚಿನ ಅಂಕಿ ನೋಡಿ, ಸರಿಯಾದ ಸಂದಿಗೆ ಇಟ್ಟಳು.

"ಅಗಲ ಮಾಡಿ," ಎಂದರು ಯಜಮಾನರು.

ಅಳತೆಗೆಂದು ಅವಳು ಮೇಸ್ತ್ರಿಯನ್ನೂ ಕರೆದುಕೊಂಡು ಆ ಸಂಜೆಯೇ ನರ್ಸಿಂಗ್ ಹೋಮಿಗೆ ಹೋದಳು. ಯಜಮಾನರು ಅಂಗಡಿ ಮುಚ್ಚಿ ಬರುವುದರಲ್ಲಿದ್ದರು. ಡ್ರಿಲ್ ಟೀಚರು ಕಿಟಕಿಯ ಬಳಿ ಗಾಲಿಕುರ್ಚಿಯಲ್ಲಿ ಕೂತಿದ್ದರು. ಕೊರಳಲ್ಲಿ ಸೀಟಿ. ಮಾತು ಒಂದು ಬದಿಗೆ ಜಾರಿ ಬರುತ್ತಿತ್ತು, ಆದರೆ ಕಣ್ಣು ಮೈದಾನದ್ದೇ. ಸಾಲಿನಲ್ಲಿ ಯಾರು ಅಲುಗಾಡಿದರೂ ಬಿಡದ ಕಣ್ಣು.

"ನೀವೇನಾ ಆ ಸೋಮಾರಿಗಳು?" ಎಂದರು.

ಮೇಸ್ತ್ರಿ ಕೈ ಕಟ್ಟಿಕೊಂಡು, "ಹೌದು ಟೀಚರ್, ನಾವೇ," ಎಂದ. ಅವನ ಹೆಂಡತಿಯೂ ಆ ಸಾಲಿನಲ್ಲಿ ಓಡಿದವಳು.

ಟೀಚರು ಬಾಯಿಯ ಒಂದೇ ಕೊನೆಯಲ್ಲಿ ನಕ್ಕರು. ಫಿಸಿಯೋ ಡಾಕ್ಟರು ಕುರ್ಚಿಯನ್ನು ತಿರುಗಿಸಿ ತೋರಿಸಿದರು: ಟೀಚರು ಯಾವ ಬದಿಯಿಂದ ಇಳಿಯುತ್ತಾರೆ, ಬಲಗೈಗೆ ಕಂಬಿ ಎಲ್ಲಿ ಸಿಗಬೇಕು, ಕಮೋಡಿನ ಪಕ್ಕ ಕುರ್ಚಿ ನಿಲ್ಲಲು ಎಷ್ಟು ಜಾಗ. ಹೊಸ್ತಿಲು ಇರಲೇಬಾರದು. "ಕುರ್ಚಿಯಷ್ಟೇ ಅಗಲ ಇಟ್ಟರೆ ಸಾಲದು," ಎಂದರು ಡಾಕ್ಟರು. "ಬಲಗೈಯಲ್ಲಿ ಗಾಲಿ ಅವರೇ ತಿರುಗಿಸ್ತಾರೆ. ಗೆಣ್ಣು ಬಾಗಿಲಿಗೆ ತಾಗಬಾರದು."

ಮೇಸ್ತ್ರಿ ಟೇಪು ಬಿಚ್ಚಿ ಅಳೆದ. ಟೀಚರು ಗಾಲಿಯ ಮೇಲಿಟ್ಟಿದ್ದ ತಮ್ಮ ಕೈಯನ್ನು ಮುಷ್ಟಿ ಮಾಡಿ ಆಚೆಗೆ ಚಾಚಿದರು, ಅಳತೆಗೆ ಅದೂ ಸೇರಲಿ ಎಂದು. ಮೇಸ್ತ್ರಿ ಆ ಮುಷ್ಟಿಗೆ ಟೇಪು ತಾಗದಂತೆ ಹಿಡಿದು, "ಇಷ್ಟು ಸಾಕಾ ಟೀಚರ್? ಇನ್ನೊಂದು ಬೆರಳು ಜಾಸ್ತಿ ಇಡ್ತೀನಿ," ಎಂದ.

ಡಾಕ್ಟರು ಹೋದ ಮೇಲೆ ಟೀಚರು ನಕ್ಷೆಯಮ್ಮನ ಸೆರಗು ಹಿಡಿದು ಹತ್ತಿರಕ್ಕೆಳೆದರು.

"ಅವರು ನಿಮಗೆ ಹೇಳಿರಲಿಲ್ಲ. ಅಲ್ವಾ?"

ನಕ್ಷೆಯಮ್ಮ ಕೈಯಲ್ಲಿದ್ದ ಕಾಗದದ ಸುರುಳಿಯನ್ನು ಬಿಗಿಯಾಗಿ ಸುತ್ತಿದಳು.

"ನನಗೆ ಗೊತ್ತಿತ್ತು. ಡಾಕ್ಟರು ಹೇಳಿದಾಗ ನಾನೂ ಅಲ್ಲೇ ಇದ್ದೆ. ದಿನಾ ಬಂದು ನಿಮ್ಮನ್ನ ಬೈತಾರೆ. ನಾನು ಬೈಯೋಕೆ ಬಿಡ್ತೀನಿ. ಪಾಪ, ಬೈದಾದ ಮೇಲೆ ಒಂದು ತುತ್ತು ಊಟ ಮಾಡ್ತಾರೆ." ಉಸಿರು ತೆಗೆದುಕೊಂಡರು. "ನಡಿಗೆ ನಿಧಾನ, ಅಷ್ಟೇ. ಬರ್ತಾರೆ. ಯಾವತ್ತೂ ಬರದೆ ಇದ್ದವರಲ್ಲ. ನೀವು ಸ್ವಲ್ಪ ತಿರುವಿನಲ್ಲಿ ನಿಂತಿರಿ."

"ಇವತ್ತು ಹೇಳಿದ್ರು ಟೀಚರ್. ಅಗಲ ಮಾಡಿ ಅಂತ."

ಟೀಚರು ಕಿಟಕಿಯ ಕಡೆ ತಿರುಗಿದರು. ಸ್ವಲ್ಪ ಹೊತ್ತು ಸೀಟಿಯನ್ನು ಬೆರಳಲ್ಲಿ ಹೊರಳಿಸುತ್ತಿದ್ದರು. "ಹಾಗಾದ್ರೆ ಬಂದ್ರು," ಎಂದರು. "ಸದ್ಯ."

ಆಮೇಲೆ, "ಮುಂದೆ ಯಾವತ್ತಾದ್ರೂ ಅವರು ಇದನ್ನೇ ಹಿಡ್ಕೊಂಡು ಕೊರಗಿದ್ರೆ, ತಪ್ಪು ನಿಮ್ಮ ತಲೆ ಮೇಲೆ ಹಾಕ್ಕೊಂಡುಬಿಡಿ. ಹೇಗೂ ಸೋಮಾರಿಗಳು ಅನ್ನಿಸ್ಕೊಂಡಾಗಿದೆ," ಎಂದು ಮತ್ತೆ ಒಂದು ಕೊನೆಯಲ್ಲಿ ನಕ್ಕರು. ಕಾರಿಡಾರಿನಲ್ಲಿ ಯಜಮಾನರ ಹೆಜ್ಜೆ ಕೇಳಿದ ಕೂಡಲೇ ಸೀಟಿ ಬಾಯಿಗಿಟ್ಟು ಊದಿದರು. ಗಾಳಿ ಮಾತ್ರ ಬಂತು. ಆದರೂ ಯಜಮಾನರು ಓಡುವವರಂತೆ ನಟಿಸುತ್ತಾ ಬಂದರು.

ಕೆಲಸ ಓಡಿತು. ಮೈದುನ ಬಾಯಿ ಮುಚ್ಚಿಕೊಂಡು, ಬೇರೆ ಮನೆಗೆಂದು ಎರಕ ಹೊಯ್ದು ಗಟ್ಟಿಯಾಗಿ ಕೂತಿದ್ದ ತೊಲೆಯನ್ನು ಇಲ್ಲಿಗೆ ತರಿಸಿದ. ಆ ಮನೆಯವರ ಬೈಗುಳ ತಾನೇ ತಿಂದ, ಅತ್ತಿಗೆಗೆ ಹೇಳಲೂ ಇಲ್ಲ. ಅವಳಿಗೆ ಮೇಸ್ತ್ರಿಯಿಂದ ಗೊತ್ತಾದದ್ದು. ಗೋಡೆ ಒಡೆಯಿತು, ತೊಲೆ ಕೂತಿತು, ಪೈಪು ಹೊಸ ಗೋಡೆಗೆ ಹೋಯಿತು. ಯಜಮಾನರು ದಿನವೂ ಬೆಳಿಗ್ಗೆ ಅಂಗಡಿಗೆ ಹೋಗುವ ಮುಂಚೆ ಬಂದು, ಧೂಳಿನಲ್ಲಿ ನಿಂತು, ಕೇಳಿದ್ದಕ್ಕೆಲ್ಲ ಅಲ್ಲಿಯೇ ಉತ್ತರ ಕೊಡುತ್ತಿದ್ದರು. ಟೈಲ್ಸ್ ಜಾರದ್ದೇ ಬೇಕು. ಕಂಬಿ ಇಲ್ಲಿ. ಕನ್ನಡಿ ಕೆಳಗೆ, ಕೂತವರಿಗೆ ಕಾಣುವಷ್ಟು. ಒಂದು ಸಲ ಮೇಸ್ತ್ರಿ, "ಸಾರ್, ಇಷ್ಟು ಬೇಗ ಹೇಳಿದ್ರೆ ನಾವು ಸೋಮಾರಿಗಳು ಎಲ್ಲಿಗೆ ಹೋಗೋಣ?" ಎಂದಾಗ ಅವರೂ ನಕ್ಕಿದ್ದರು.

ನೆಲಕ್ಕೆ ನೀರು ಇಳಿಯದಂತೆ ಲೇಪ ಹಚ್ಚಿ, ಪರೀಕ್ಷೆಗೆಂದು ನೀರು ಕಟ್ಟಿ ನಿಲ್ಲಿಸಿದ್ದರು. ನೀರು ಇಳಿಯದೆ ನಿಂತರೆ ಮಾತ್ರ ಅದರ ಮೇಲೆ ಟೈಲ್ಸ್. ನಕ್ಷೆಯಮ್ಮ ಗೋಡೆಯ ಮೇಲೆ ನೀರಿನ ಮಟ್ಟಕ್ಕೆ ಸೀಸದಕಡ್ಡಿಯಲ್ಲಿ ಗೆರೆ ಎಳೆದು, ಕುಕ್ಕರುಗಾಲಿನಲ್ಲಿ ಕೂತು ನೋಡುತ್ತಿದ್ದಾಗ ಫೋನು ಬಂತು. ಯಜಮಾನರದ್ದು. ಅವರ ಉಸಿರು ಮಾತ್ರ ಕೇಳಿಸುತ್ತಿತ್ತು. ಹಿಂದೆ ಯಾರೋ ನರ್ಸು, "ಕೂತ್ಕೊಳ್ಳಿ ಅಪ್ಪಾಜಿ, ಇಲ್ಲಿ ಕೂತ್ಕೊಳ್ಳಿ," ಎನ್ನುತ್ತಿದ್ದಳು. ಆಮೇಲೆ ಅವಳೇ ಫೋನು ತೆಗೆದುಕೊಂಡು ಹೇಳಿದಳು: ಬೆಳಗಿನ ಜಾವ ಇನ್ನೊಂದು ಸಲ ಮೆದುಳಿಗೆ ರಕ್ತ ನಿಂತು ಟೀಚರು ಹೋಗಿಬಿಟ್ಟರು.

ನೀರು ಗೆರೆಯ ಮೇಲೇ ನಿಂತಿತ್ತು. ಒಂದು ಕೂದಲೆಳೆಯಷ್ಟೂ ಇಳಿದಿರಲಿಲ್ಲ.

ಮುಂದೇನು ಎಂದು ಯಜಮಾನರನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಮೈದುನ ಕೂಡ, "ಬಿಡಿ ಅತ್ತಿಗೆ, ಅವರಾಗೇ ಹೇಳೋ ತನಕ ಕಾಯೋಣ," ಎಂದ. ಕೆಲವು ವಾರಗಳ ಮೇಲೆ ಅವರೇ ಕಚೇರಿಗೆ ಬಂದು, ಬಾಗಿಲಲ್ಲಿ ನಿಂತು, "ಮುಗಿಸಿಬಿಡಿ," ಎಂದರು. "ಒಡೆದದ್ದನ್ನ ಮುಚ್ಚಿ ಹಳೇ ಬಾಗಿಲೇ ಇಟ್ಟುಬಿಡೋಣ್ವಾ ಸಾರ್?" ಎಂದು ಮೈದುನ ಕೇಳಿದ್ದಕ್ಕೆ ಬೇಡವೆಂದು ತಲೆ ಅಲ್ಲಾಡಿಸಿದರು. "ಅವಳ ಅಳತೆ ತಗೊಂಡಿದೀರಲ್ಲ. ಹಾಗೇ ಮಾಡಿ."

ಮುಗಿದ ದಿನ ನಕ್ಷೆಯಮ್ಮನೂ ಮೇಸ್ತ್ರಿಯೂ ಬೀಗದ ಕೈ ಕೊಡಲು ಹೋದರು. ಯಜಮಾನರು ಅಂಗಡಿ ತೆರೆದಿರಲಿಲ್ಲ. ಪಡಸಾಲೆಯಲ್ಲಿ ಒಂದು ಹೊಸ ಗಾಲಿಕುರ್ಚಿ ನಿಂತಿತ್ತು. ಕೈಹಿಡಿಕೆಯ ಪ್ಲಾಸ್ಟಿಕ್ ಹೊದಿಕೆ ಇನ್ನೂ ಬಿಚ್ಚಿರಲಿಲ್ಲ. "ನೀವು ಅಂಗಡಿಗೆ ಬಂದ ಮಾರನೇ ದಿನ ತಂದದ್ದು," ಎಂದರು.

ಬಚ್ಚಲುಮನೆಯನ್ನು ಅವರು ಹೊರಗಿನಿಂದಲೇ ನೋಡಿದರು. ಬಿಳಿ ಗೋಡೆ, ಕೆಳಗೆ ಕೂರಿಸಿದ ಕನ್ನಡಿ, ಬಲಗೈಗೆ ಸಿಗುವ ಕಂಬಿ. ಹೊಸ್ತಿಲಿಲ್ಲ. ಆಮೇಲೆ ಕೇಳಿದರು:

"ನಾನು ಮೊದಲೇ ಹೇಳಿದ್ರೆ ಅವಳು ಇಲ್ಲಿಗೆ ಬಂದಿರೋಳಲ್ವಾ?"

ಹೌದು ಎನ್ನಲು ನಕ್ಷೆಯಮ್ಮನಿಗೆ ಬಾಯಿ ಬರಲಿಲ್ಲ. ಇಲ್ಲ ಎಂದರೆ, ಅಂಗಡಿಯಲ್ಲಿ ಕೂತು ತಾನೇ ಹೇಳಿದ್ದೆಲ್ಲ ಸುಳ್ಳಾಗುತ್ತಿತ್ತು. ಬಂದಿರುತ್ತಿದ್ದರು. ಒಂದಷ್ಟು ದಿನವಾದರೂ ಈ ಕನ್ನಡಿಯಲ್ಲಿ ಮುಖ ನೋಡಿಕೊಂಡಿರುತ್ತಿದ್ದರು. ಅದು ಮೂವರಿಗೂ ಗೊತ್ತಿತ್ತು.

"ಸಾರ್," ಎಂದ ಮೇಸ್ತ್ರಿ, ಕಾಲಿನ ಬೆರಳು ನೋಡುತ್ತಾ. "ತಡ ನಮ್ಮದೂ ಇದೆ. ಮಧ್ಯೆ ನಮ್ಮ ಹುಡುಗರು ಸರಿಯಾಗಿ ಬರ್ಲಿಲ್ಲ. ನಾನೂ ಸ್ವಲ್ಪ ಮೈಗಳ್ಳತನ ಮಾಡಿದೆ. ಅಕ್ಕಂಗೆ ಗೊತ್ತಿಲ್ಲ."

ಅವನ ಹುಡುಗರು ಒಂದು ದಿನ ತಪ್ಪಿಸಿದವರಲ್ಲ. ಜ್ವರದಲ್ಲಿ ಕಂಬಳಿ ಹೊದ್ದು ಬಂದು ಪೈಪು ಕೂರಿಸಿದವನು ಅವನು. ನಕ್ಷೆಯಮ್ಮ ತಲೆ ತಗ್ಗಿಸಿದಳು.

ಯಜಮಾನರು ಕನ್ನಡಕ ತೆಗೆದು ಅಂಗಿಯ ಅಂಚಿನಲ್ಲಿ ಒರೆಸಿದರು. ಒರೆಸುತ್ತಲೇ ಇದ್ದರು.

"ಮೇಸ್ತ್ರಿ, ಸುಳ್ಳು ಹೇಳೋದ್ರಲ್ಲಿ ಮಾತ್ರ ನೀನು ನಿಜವಾಗ್ಲೂ ಸೋಮಾರಿ," ಎಂದರು. "ಅವಳು ಹೇಳಿಕೊಟ್ಟಳಾ?"

ಮೇಸ್ತ್ರಿ ಮತ್ತೆ ಕಾಲಿನ ಬೆರಳು ನೋಡಿದ.

"ನಾನು ಅವಳಿಗೆ ಹೇಳಿದೆ," ಎಂದರು ನಕ್ಷೆಯಮ್ಮನ ಕಡೆ ತಿರುಗಿ. "ನೀವು ಅಳತೆ ತಗೊಂಡು ಹೋದ್ರಲ್ಲ, ಆ ಸಂಜೆನೇ. ತಡ ಮಾಡಿದ್ದು ನಾನು ಕಣೇ ಅಂದೆ. ಗೊತ್ತು, ಊಟ ಮಾಡಿ ಅಂದ್ಲು. ಆಮೇಲೆ ನಾವು ಗೋಡೆ ವಿಷಯ ಮಾತಾಡ್ಲೇ ಇಲ್ಲ. ಬೇರೆ ಎಷ್ಟೋ ಮಾತಾಡಿದ್ವಿ. ನೀವು ಬಂದು ಹೇಳದೆ ಇದ್ದಿದ್ರೆ, ಆ ಸಂಜೆಗಳನ್ನೂ ನಿಮ್ಮನ್ನ ಬೈಯೋದ್ರಲ್ಲೇ ಕಳೆದುಬಿಡ್ತಿದ್ದೆ."

ನಕ್ಷೆಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು.

ಯಜಮಾನರು ಪಡಸಾಲೆಗೆ ಹೋಗಿ ಗಾಲಿಕುರ್ಚಿಯ ಪ್ಲಾಸ್ಟಿಕ್ ಬಿಚ್ಚಿದರು. ತಳ್ಳಿಕೊಂಡು ಬರುತ್ತಾರೆಂದು ಇಬ್ಬರೂ ಪಕ್ಕಕ್ಕೆ ಸರಿದರು. ಅವರು ತಳ್ಳಲಿಲ್ಲ. ಅದರಲ್ಲಿ ಕೂತರು. ಎಡಗೈಯನ್ನು ತೊಡೆಯ ಮೇಲೆ ಸುಮ್ಮನೆ ಇಟ್ಟುಕೊಂಡು, ಎಡಗಾಲನ್ನು ಕಾಲಿಡುವ ಹಲಗೆಯ ಮೇಲಿಟ್ಟು, ಹೆಂಡತಿಯಂತೆ ಬಲಗೈಯಿಂದ ಗಾಲಿ ತಿರುಗಿಸಿ, ಬಲಗಾಲಿನಿಂದ ನೆಲ ಮೀಟಿದರು. ಕುರ್ಚಿ ಸೊಟ್ಟಗೆ ಹೋಯಿತು. ನಿಲ್ಲಿಸಿ, ತಿದ್ದಿ, ಮತ್ತೆ ತಿರುಗಿಸಿದರು. ಮೇಸ್ತ್ರಿಯ ಕೈ ತಾನಾಗಿ ಮುಂದೆ ಹೋಯಿತು; ನಕ್ಷೆಯಮ್ಮ ಅವನ ತೋಳು ಹಿಡಿದು ತಡೆದಳು.

ನಿಧಾನವಾಗಿ, ಬಹಳ ನಿಧಾನವಾಗಿ, ಅವರು ಬಾಗಿಲು ದಾಟಿದರು. ಮುಷ್ಟಿ ಬಾಗಿಲ ಪಕ್ಕದಿಂದ ಹಾಯ್ದುಹೋಯಿತು. ಗೆಣ್ಣು ತಾಗಲಿಲ್ಲ. ಇನ್ನೊಂದು ಬೆರಳಿನಷ್ಟು ಜಾಗ ಮಿಕ್ಕಿತ್ತು.

ಒಳಗೆ, ಕೆಳಗೆ ಕೂರಿಸಿದ ಕನ್ನಡಿಯ ಮುಂದೆ ಕುರ್ಚಿ ನಿಂತಿತು. ಯಜಮಾನರು ತಮ್ಮ ಮುಖವನ್ನು ನೋಡಿಕೊಂಡು, ಯಾರಿಗೋ ಉತ್ತರ ಕೊಡುವಂತೆ, "ಬಂದೆ," ಎಂದರು.